ಬ್ಯಾಂಕ್ ಕೇಳುತ್ತಿದೆ: ಈ ನಗದು ಎಲ್ಲಿಂದ ಬಂತು?

ಸಾಗರದ ಕಡೆಯ ಒಬ್ಬ ಅಡಿಕೆ ಬೆಳೆಗಾರರು ಫೆಬ್ರವರಿ 17ರಂದು ಆರೂವರೆ ಲಕ್ಷ ರೂಪಾಯಿ ನಗದನ್ನು ತಮ್ಮ ಉಳಿತಾಯ ಖಾತೆಗೆ ಕಟ್ಟಿ ಬಂದರು ಎಂದಿಟ್ಟುಕೊಳ್ಳೋಣ. ಕ್ಯಾಷಿಯರ್ ನೋಟು ಎಣಿಸಿದ, ಚಲನ್‌ಗೆ ಮೊಹರು ಒತ್ತಿದ, ಎಲ್ಲವೂ ಮುಗಿಯಿತು. ಹತ್ತು ದಿನ ಕಳೆದ ಮೇಲೆ ಶಾಖೆಯಿಂದ ಎರಡು ಸಾಲಿನ ಪತ್ರ ಬಂತು: "ನಿಮ್ಮ ಖಾತೆಗೆ ಜಮಾ ಆಗಿರುವ ರೂ. 6,50,000 ನಗದಿನ ಮೂಲವನ್ನು ಸೂಕ್ತ ದಾಖಲೆಗಳೊಂದಿಗೆ ಏಳು ದಿನಗಳೊಳಗೆ ತಿಳಿಸತಕ್ಕದ್ದು."

ಪತ್ರ ಓದಿದ ಬೆಳೆಗಾರರಿಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಹೆದರಿಕೆ. ಮರುದಿನ ಬೆಳಿಗ್ಗೆ ಪಹಣಿಯ ಒಂದು ಪ್ರತಿ ಹಿಡಿದುಕೊಂಡು ಶಾಖೆಗೆ ಹೋಗಿ "ನನಗೆ ಎರಡು ಎಕರೆ ತೋಟ ಇದೆ, ಅಡಿಕೆ ಮಾರಿದ ದುಡ್ಡು" ಎನ್ನುತ್ತಾರೆ. ಹೇಳಿದ್ದು ನಿಜವೇ. ಆದರೂ ಅಧಿಕಾರಿಗೆ ಅಷ್ಟು ಸಾಲುವುದಿಲ್ಲ. ಏಕೆ ಸಾಲುವುದಿಲ್ಲ, ಏನು ಕೊಟ್ಟರೆ ಸಾಲುತ್ತದೆ ಎಂಬುದೇ ಈ ಲೇಖನದ ವಿಷಯ. ಬೆಳೆಗಾರರೂ ಅವರ ಲೆಕ್ಕವೂ ವಿವರಣೆಗಾಗಿ ನಾನು ಕಟ್ಟಿಕೊಂಡವು. ನಿಯಮಗಳು ಮಾತ್ರ ಇರುವಂಥವೇ.

ಬ್ಯಾಂಕಿಗೇಕೆ ಈ ಉಸಾಬರಿ?

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2002ರಲ್ಲಿ ಬಂತು, 2005ರ ಜುಲೈ 1ರಿಂದ ಜಾರಿಯಾಯಿತು. ಗ್ರಾಹಕ ಯಾರು, ಅವನ ವಹಿವಾಟು ಎಂಥದ್ದು ಎಂದು ತಿಳಿದುಕೊಳ್ಳುವುದು, ಹೊಂದಿಕೆಯಾಗದ ವಹಿವಾಟು ಕಂಡರೆ ವಿಚಾರಿಸುವುದು, ವಿಚಾರಿಸಿಯೂ ಸಮಾಧಾನವಾಗದಿದ್ದರೆ ವರದಿ ಮಾಡುವುದು ಆ ಕಾಯ್ದೆಯ ಪ್ರಕಾರ ಬ್ಯಾಂಕಿನ ಕರ್ತವ್ಯ. ವರದಿ ಹೋಗುವುದು ದೆಹಲಿಯಲ್ಲಿರುವ, ಹಣಕಾಸು ಸಚಿವಾಲಯದ ಅಡಿಯ ಹಣಕಾಸು ಗುಪ್ತಚರ ಘಟಕಕ್ಕೆ. ಬ್ಯಾಂಕಿನವರು ಇದನ್ನು ಎಫ್‌ಐಯು ಎನ್ನುತ್ತಾರೆ.

ಇಲ್ಲಿ ಎರಡು ಬಗೆಯ ವರದಿಗಳಿವೆ, ಜನ ಅವೆರಡನ್ನೂ ಕಲಸಿಬಿಡುತ್ತಾರೆ. ಮೊದಲನೆಯದು ನಗದು ವಹಿವಾಟು ವರದಿ. ಹತ್ತು ಲಕ್ಷ ಮೀರಿದ ನಗದು, ಅಥವಾ ಒಂದೇ ತಿಂಗಳಲ್ಲಿ ಒಂದಕ್ಕೊಂದು ಸಂಬಂಧವಿರುವ ಸಣ್ಣ ಸಣ್ಣ ಮೊತ್ತಗಳು ಸೇರಿ ಹತ್ತು ಲಕ್ಷ ಮೀರಿದರೆ ಬ್ಯಾಂಕ್ ತಾನಾಗಿಯೇ ಅದನ್ನು ಕಳುಹಿಸುತ್ತದೆ. ಅದರಲ್ಲಿ ಅನುಮಾನದ ಮಾತಿಲ್ಲ, ಮೊತ್ತ ದಾಟಿತು ಎಂಬುದಷ್ಟೇ ಕಾರಣ. ಎರಡನೆಯದು ಸಂಶಯಾಸ್ಪದ ವಹಿವಾಟು ವರದಿ. ಇದಕ್ಕೆ ಮೊತ್ತದ ಮಿತಿಯೇ ಇಲ್ಲ. ಅರವತ್ತು ಸಾವಿರಕ್ಕೂ ಹೋಗಬಹುದು, ಅರವತ್ತು ಲಕ್ಷಕ್ಕೂ ಹೋಗದಿರಬಹುದು. ಬ್ಯಾಂಕಿನ ಪ್ರಶ್ನೆ ಹುಟ್ಟುವುದು ಈ ಎರಡನೆಯದರ ಅಂಗಳದಲ್ಲಿ. ವರದಿ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸುವ ಮೊದಲು ನಿಮ್ಮ ಮಾತನ್ನೂ ಕೇಳಿ ನೋಡುತ್ತಿದ್ದಾರೆ ಎಂದು ಅರ್ಥ.

ಆರೂವರೆ ಲಕ್ಷಕ್ಕೆ ಗಂಟೆ ಹೊಡೆದದ್ದು ಹೇಗೆ

ನಮ್ಮ ಬೆಳೆಗಾರರು ಕಟ್ಟಿದ್ದು ಹತ್ತು ಲಕ್ಷಕ್ಕಿಂತ ಕಡಿಮೆ. ಹಾಗಿದ್ದರೂ ಪ್ರಶ್ನೆ ಬಂದದ್ದೇಕೆ?

ಖಾತೆ ತೆರೆದಾಗ ತುಂಬಿಕೊಟ್ಟ ಅರ್ಜಿಯನ್ನು ನೆನಪಿಸಿಕೊಳ್ಳಿ. ಉದ್ಯೋಗ: ಕೃಷಿ. ವಾರ್ಷಿಕ ಆದಾಯ: ಎರಡು ಲಕ್ಷ. ಎಷ್ಟೋ ವರ್ಷಗಳ ಹಿಂದೆ, ಕೌಂಟರಿನ ಮುಂದೆ ನಿಂತು, ಪೆನ್ನು ಹಿಡಿದವರು "ಎಷ್ಟು ಬರೆಯಲಿ?" ಎಂದಾಗ ಬಾಯಿಗೆ ಬಂದ ಸಂಖ್ಯೆ ಅದು. ಆದರೆ ಬ್ಯಾಂಕಿನ ಕಂಪ್ಯೂಟರ್ ಇಂದಿಗೂ ಅವರನ್ನು ಆ ಸಂಖ್ಯೆಯಿಂದಲೇ ಗುರುತಿಸುತ್ತದೆ. ಖಾತೆಯಲ್ಲಿ ಸಾಮಾನ್ಯವಾಗಿ ಓಡಾಡುವುದು ನಲವತ್ತು ಐವತ್ತು ಸಾವಿರ. ಅಲ್ಲಿಗೆ ಒಂದೇ ದಿನ ಆರೂವರೆ ಲಕ್ಷ ನಗದು ಬಂದರೆ, ಹೇಳಿಕೊಂಡ ಆದಾಯದ ಮೂರು ಪಟ್ಟಿಗಿಂತ ಹೆಚ್ಚು. ತಂತ್ರಾಂಶ ಎಚ್ಚರಿಕೆಯನ್ನು ಶಾಖೆಗೆ ರವಾನಿಸುತ್ತದೆ. ಶಾಖೆಯ ಅಧಿಕಾರಿ ಅದರ ಎದುರು ಕಾರಣ ಬರೆಯದೆ ಅದನ್ನು ಮುಚ್ಚುವಂತಿಲ್ಲ. ನಿಮಗೆ ಬಂದ ಪತ್ರದ ಹಿಂದಿರುವುದು ಆ ಖಾಲಿ ಜಾಗ.

ಊರಿನ ಕಿರಾಣಿ ಅಂಗಡಿಯವರೂ ಹೀಗೆಯೇ ಅಲ್ಲವೇ? ವಾರಕ್ಕೆ ಎರಡು ಕಿಲೋ ಸಕ್ಕರೆ ಒಯ್ಯುವವರು ಒಮ್ಮೆಲೇ ಒಂದು ಮೂಟೆ ಕೇಳಿದರೆ "ಮನೆಯಲ್ಲಿ ಏನು ವಿಶೇಷ?" ಎನ್ನುತ್ತಾರೆ. ಹೋಟೆಲಿನವರು ಅದೇ ಮೂಟೆ ಕೇಳಿದರೆ ಸುಮ್ಮನೆ ತೂಗಿ ಕೊಡುತ್ತಾರೆ. ಮೂಟೆಗಿಂತ ಮುಖ್ಯವಾದದ್ದು ಕೇಳಿದವರು ಯಾರು ಎಂಬುದು. ಗಂಟೆ ಹೊಡೆಸುವ ಇನ್ನೊಂದು ಸಂಗತಿಯೂ ಇದೆ: ನಗದು ಬಿದ್ದ ದಿನವೋ ಮರುದಿನವೋ ಪೂರ್ತಿ ಹಣ ಇನ್ನಾರದೋ ಖಾತೆಗೆ ಹೊರಟುಹೋಗುವುದು. ಇನ್ನೊಬ್ಬರ ಹಣಕ್ಕೆ ನಿಮ್ಮ ಖಾತೆ ದಾರಿಯಾಯಿತೇ ಎಂಬ ಸಂದೇಹ ಅಲ್ಲಿ ಹುಟ್ಟುತ್ತದೆ. ಮನೆ ಖರೀದಿಗೋ ಶುಲ್ಕಕ್ಕೋ ನಿಜವಾಗಿಯೂ ಹಾಗೆ ಕಳುಹಿಸಿದ್ದರೆ, ಮೂಲದ ಜೊತೆಗೆ ಉದ್ದೇಶದ ಕಾಗದವನ್ನೂ ಕೊಡುವುದು ಒಳ್ಳೆಯದು.

ತೋಟ ಇದೆ ಎಂದರೆ ನೋಟು ಇತ್ತು ಎಂದಾಗದು

ಪಹಣಿ ಸಾಲದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಪಹಣಿ ಭೂಮಿಯನ್ನು ತೋರಿಸುತ್ತದೆ. ಬೆಳೆ ಕಲಮಿನಲ್ಲಿ ಅಡಿಕೆ ಎಂದಿದ್ದರೆ ಬೆಳೆಯನ್ನೂ ತೋರಿಸುತ್ತದೆ. ಆದಾಯ ಬರಲು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅಧಿಕಾರಿಯ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ: ಫೆಬ್ರವರಿ 17ರ ಬೆಳಿಗ್ಗೆ ಈ ಮನುಷ್ಯರ ಮನೆಯಲ್ಲಿ ಆರೂವರೆ ಲಕ್ಷ ರೂಪಾಯಿ ನೋಟಿನ ರೂಪದಲ್ಲಿ ಇರುವುದು ಸಾಧ್ಯವಿತ್ತೇ?

ಅಡಿಕೆಯ ಹಣ ಚೆಕ್‌ನಲ್ಲೋ ಆರ್‌ಟಿಜಿಎಸ್‌ನಲ್ಲೋ ಬಂದಿದ್ದರೆ ಅದು ಬೇರೆ ಖಾತೆಯಲ್ಲಿ ಕುಳಿತಿರುತ್ತದೆ, ಕಪಾಟಿನಲ್ಲಿ ಅಲ್ಲ. ನಗದಾಗಿಯೇ ಬಂದಿದ್ದರೂ ಅದು ಫೆಬ್ರವರಿ 20ರಂದು ಬಂದಿದ್ದರೆ 17ರ ಜಮೆಗೆ ಮೂಲವಾಗುವುದಿಲ್ಲ. ಹೀಗಾಗಿ ನಾವು ಕೊಡಬೇಕಾದದ್ದು ತಾರೀಖುಗಳ ಒಂದು ಸರಪಳಿ: ನಗದು ಯಾವ ದಿನ ಕೈಗೆ ಬಂತು, ಯಾವುದಕ್ಕೆ ಎಷ್ಟು ಖರ್ಚಾಯಿತು, ಜಮೆಯ ದಿನ ಎಷ್ಟು ಉಳಿದಿತ್ತು.

ನಮ್ಮ ಬೆಳೆಗಾರರ ಸರಪಳಿಯನ್ನೇ ನೋಡೋಣ. ಮನೆಯ ಮಾಡು ರಿಪೇರಿಗೆಂದು ಅವರು ಆಗಸ್ಟ್ 12ರಂದು ಸಹಕಾರ ಬ್ಯಾಂಕಿನ ತಮ್ಮ ಖಾತೆಯಿಂದ 2,50,000 ತೆಗೆದಿದ್ದರು. ಮರದ ಸಾಮಾನಿಗೆ 60,000 ಕೊಟ್ಟರು. ಬಡಗಿ ಕೈಕೊಟ್ಟ, ಕೆಲಸ ನಿಂತಿತು, 1,90,000 ಕಪಾಟಿನಲ್ಲಿ ಉಳಿಯಿತು. ಡಿಸೆಂಬರ್ 4ರಂದು ನಾಲ್ಕು ಕ್ವಿಂಟಲ್ ಕೆಂಪಡಿಕೆಯನ್ನು ಮಂಡಿಗೆ ಹಾಕಿ ಕ್ವಿಂಟಲಿಗೆ 46,600ರಂತೆ 1,86,400 ನಗದು ಪಡೆದರು. ಕೈಯಲ್ಲಿ 3,76,400 ಆಯಿತು. ಅಡಿಕೆ ಗೊನೆಯ ಕೊಯ್ಲು ಮತ್ತು ಸುಲಿತದ ಕೂಲಿಗೆ 52,000 ಹೋಯಿತು, 3,24,400 ಉಳಿಯಿತು. ಜನವರಿ 9ರಂದು ಮತ್ತೊಂದು ಮಾರಾಟದಿಂದ 1,74,900, ಫೆಬ್ರವರಿ 6ರಂದು ಮೂರನೆಯದರಿಂದ 1,91,700 ಬಂತು. ಈಗ 6,91,000. ಮನೆಖರ್ಚಿಗೆ 21,000 ತೆಗೆದರೆ 6,70,000. ಅದರಲ್ಲಿ 6,50,000 ಬ್ಯಾಂಕಿಗೆ ಕಟ್ಟಿದರು, ಇಪ್ಪತ್ತು ಸಾವಿರವನ್ನು ಮನೆಯಲ್ಲಿ ಇಟ್ಟುಕೊಂಡರು.

ಇಲ್ಲಿ ಖರ್ಚನ್ನೂ ತೋರಿಸಿರುವುದನ್ನು ಗಮನಿಸಿ. ಬಹಳಷ್ಟು ಜನ ಬಂದ ಹಣವನ್ನಷ್ಟೇ ಕೂಡಿಸಿ, ಕಟ್ಟಿದ ಮೊತ್ತಕ್ಕೆ ರೂಪಾಯಿ ಪೈಸೆಯವರೆಗೆ ಸರಿಹೊಂದಿಸಿ ತರುತ್ತಾರೆ. ಅಷ್ಟು ಚೊಕ್ಕಟವಾದ ಲೆಕ್ಕ ಕಂಡರೆ ಯಾವ ಅಧಿಕಾರಿಗಾದರೂ ಅನಿಸುತ್ತದೆ: ಆರು ತಿಂಗಳು ಇವರ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವೇ, ಗೊನೆ ಕೊಯ್ದವನಿಗೆ ಕೂಲಿ ಕೊಡಲಿಲ್ಲವೇ? ಲೆಕ್ಕಕ್ಕೆ ತಕ್ಕಂತೆ ಕಾಗದ ಹುಡುಕಬಾರದು, ಕಾಗದ ಹೇಳಿದಂತೆ ಲೆಕ್ಕ ಬರೆಯಬೇಕು.

ಪ್ರತಿ ಕೊಂಡಿಗೆ ಒಂದು ಕಾಗದ

ಸರಪಳಿಯ ಗಟ್ಟಿ ಕೊಂಡಿ ಎಂದರೆ ಆಗಸ್ಟಿನಲ್ಲಿ ತೆಗೆದ ಹಣ. ಪಾಸ್‌ಬುಕ್ಕಿನ ಆ ಪುಟದ ಪ್ರತಿ ಸಾಕು. ಆದರೆ ತೆಗೆದದ್ದಕ್ಕೂ ಕಟ್ಟಿದ್ದಕ್ಕೂ ನಡುವೆ ಆರು ತಿಂಗಳಿದ್ದರೆ "ಇಷ್ಟು ದಿನ ಮನೆಯಲ್ಲೇಕೆ ಇತ್ತು?" ಎಂಬ ಪ್ರಶ್ನೆ ಸಹಜ. ಮರದ ಅಂಗಡಿಯ ರಸೀದಿಯೊಂದು ಜೊತೆಗಿದ್ದರೆ ನಿಂತುಹೋದ ರಿಪೇರಿಯ ಮಾತು ನಂಬಿಕೆಗೆ ಬರುತ್ತದೆ.

ಅಡಿಕೆಗೆ ಮಂಡಿಯ ಪಟ್ಟಿ ಬೇಕು. ಅದರಲ್ಲಿ ಬೆಳೆಗಾರರ ಹೆಸರು, ತೂಕ, ದರ, ಹಮಾಲಿ ಕಳೆದು ಬಂದ ನಿವ್ವಳ, ದಿನಾಂಕ ಇರುತ್ತವೆ. ಹಣ ಹೇಗೆ ಪಾವತಿಯಾಯಿತು ಎಂಬ ಸಾಲನ್ನು ಓದದೆ ಬಿಡಬೇಡಿ. "ಚೆಕ್" ಎಂದು ಬರೆದ ಪಟ್ಟಿಯನ್ನು ನಗದಿನ ಮೂಲವೆಂದು ಕೊಟ್ಟರೆ ನಿಮ್ಮ ಕೈಯಾರೆ ನಿಮ್ಮ ಮಾತನ್ನು ಸುಳ್ಳು ಮಾಡಿದಂತೆ. ಪಹಣಿಗೆ ಈಗ ತನ್ನ ಸ್ಥಾನ ಸಿಗುತ್ತದೆ: ಮೂರು ಪಟ್ಟಿಗಳ ಒಟ್ಟು ತೂಕ ಹನ್ನೆರಡು ಕ್ವಿಂಟಲಿಗೂ ಚೂರು ಕಡಿಮೆ, ಎರಡು ಎಕರೆ ಫಸಲು ಕೊಡುವ ತೋಟಕ್ಕೆ ಅದು ಹೊಂದುತ್ತದೆ. ಅದೇ ತೋಟದಿಂದ ಒಂದು ವರ್ಷಕ್ಕೆ ಐವತ್ತು ಕ್ವಿಂಟಲ್ ಎಂದರೆ ಮಲೆನಾಡಿನ ಶಾಖೆಯ ಅಧಿಕಾರಿ ಕನ್ನಡಕ ತೆಗೆದು ನಿಮ್ಮ ಮುಖ ನೋಡುತ್ತಾರೆ. ಒಳ್ಳೆಯ ದರಕ್ಕೆ ಕಾದು ಎರಡು ಮೂರು ವರ್ಷದ ಅಡಿಕೆಯನ್ನು ಒಟ್ಟಿಗೆ ಬಿಟ್ಟಿದ್ದರೆ ಅದನ್ನು ಸ್ಪಷ್ಟವಾಗಿ ಬರೆಯಬೇಕು.

ಮಲೆನಾಡಿನಲ್ಲಿ ಪದೇ ಪದೇ ತೊಡಕಾಗುವುದು ಹೆಸರುಗಳಲ್ಲಿ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿ, ಪಟ್ಟಿ ಅಣ್ಣನ ಹೆಸರಿನಲ್ಲಿ, ಹಣ ಕಟ್ಟಿದ್ದು ತಮ್ಮನ ಖಾತೆಗೆ. ಮನೆಯವರಿಗೆಲ್ಲ ಇದು ಒಂದೇ ತೋಟ. ಕಾಗದ ನೋಡುವವರಿಗೆ ಮೂವರು ಬೇರೆ ಬೇರೆ ಜನ. ವಂಶವೃಕ್ಷದ ಪ್ರತಿ, ಮತ್ತು "ಒಟ್ಟು ಕುಟುಂಬದ ತೋಟದ ಇಂತಿಷ್ಟು ಹಣವನ್ನು ತಮ್ಮನಿಗೆ ಕೊಟ್ಟಿದ್ದೇನೆ" ಎಂದು ಅಣ್ಣ ಸಹಿ ಮಾಡಿದ ಪತ್ರ ಈ ಬಿರುಕನ್ನು ಮುಚ್ಚುತ್ತವೆ.

ಎರಡು ಲಕ್ಷದ ಗೆರೆ

ಮೂರು ಮಾರಾಟಗಳೂ ಎರಡು ಲಕ್ಷದೊಳಗೇ ಇದ್ದವು, ನೋಡಿದಿರಾ? 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ನಿರ್ಬಂಧವಿದೆ. ಒಬ್ಬ ವ್ಯಕ್ತಿಯಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, ಅಥವಾ ಒಂದೇ ಸಂದರ್ಭಕ್ಕೆ ಸಂಬಂಧಿಸಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ, ಪಡೆದಷ್ಟೇ ಮೊತ್ತದವರೆಗೆ. ಅದು ಬೀಳುವುದು ಕೊಟ್ಟ ವ್ಯಾಪಾರಿಗಲ್ಲ, ತೆಗೆದುಕೊಂಡ ರೈತನಿಗೆ. ನಾಲ್ಕು ಲಕ್ಷದ ಒಂದೇ ಪಟ್ಟಿಯ ಹಣವನ್ನು ಮೂರು ದಿನಗಳಲ್ಲಿ ಹಂಚಿ ತೆಗೆದುಕೊಂಡರೂ ವ್ಯವಹಾರ ಒಂದೇ ಆದ್ದರಿಂದ ಗೆರೆ ದಾಟಿದಂತೆಯೇ. ರೈತ ತನ್ನ ಬೆಳೆಯನ್ನು ವ್ಯಾಪಾರಿಗೆ ಎರಡು ಲಕ್ಷದೊಳಗೆ ನಗದಿಗೆ ಮಾರಿದರೆ ಈ ನಿರ್ಬಂಧ ಅಡ್ಡ ಬರುವುದಿಲ್ಲ ಎಂದು ನೇರ ತೆರಿಗೆ ಮಂಡಳಿ 2017ರ ನವೆಂಬರಿನಲ್ಲಿ ಸುತ್ತೋಲೆ ಹೊರಡಿಸಿ ಹೇಳಿದೆ.

ತೋಟವನ್ನು ಚೇಣಿಗೆ, ಅಂದರೆ ಫಸಲನ್ನು ಗುತ್ತಿಗೆಗೆ, ಕೊಡುವವರು ಇಲ್ಲಿ ಎಚ್ಚರದಿಂದಿರಬೇಕು. ಚೇಣಿದಾರ ಮುಂಗಡವೆಂದು ನಗದು ಕೊಟ್ಟಿರುತ್ತಾನೆ, ಮಂಡಿಯ ಪಟ್ಟಿ ಅವನ ಹೆಸರಿಗೆ ಆಗುತ್ತದೆ, ತೋಟದವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಕರಾರು ಬರೆದುಕೊಂಡು ಹಣವನ್ನು ಖಾತೆಗೇ ಹಾಕಿಸಿಕೊಳ್ಳುವುದೊಂದೇ ಅಲ್ಲಿ ಸುಲಭದ ದಾರಿ.

ಇನ್ನು ಕೈಗಡ. ಕೊಂಡಿ ಸಿಗದಿದ್ದಾಗ "ಭಾವನಿಂದ ಎರಡು ಲಕ್ಷ ಕೈಗಡ ತಂದೆ" ಎಂದು ಬರೆದುಕೊಡುವವರಿದ್ದಾರೆ. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೇ ನಿಷೇಧವಿದೆ. ಕೊಟ್ಟವರು ಪಡೆದವರು ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಿಗೂ ತೆರಿಗೆ ಬೀಳುವ ಬೇರೆ ಆದಾಯ ಇಲ್ಲದಿದ್ದರೆ ಮಾತ್ರ ವಿನಾಯಿತಿ. ಭಾವ ಬೆಂಗಳೂರಿನಲ್ಲಿ ಸಂಬಳದ ಕೆಲಸದಲ್ಲಿದ್ದು ತೆರಿಗೆ ಕಟ್ಟುವವರಾದರೆ, ಬ್ಯಾಂಕಿನ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ತೆರಿಗೆ ಕಾನೂನಿನ ಉಲ್ಲಂಘನೆಯನ್ನು ಸಹಿ ಸಮೇತ ಒಪ್ಪಿಕೊಂಡಂತಾಗುತ್ತದೆ.

ಪತ್ರ ಬರೆಯುವುದು ಹೇಗೆ

ಒಂದು ಪುಟ ಸಾಕು. ವಂಶದ ಪ್ರತಿಷ್ಠೆ, ಬ್ಯಾಂಕಿನೊಂದಿಗಿನ ಮೂವತ್ತು ವರ್ಷದ ನಂಟು ಇವು ಬೇಡ. ನಮ್ಮ ಬೆಳೆಗಾರರ ಪತ್ರ ಹೀಗಿರಬಹುದು:

"ಮಾನ್ಯರೇ, ಫೆಬ್ರವರಿ 17ರಂದು ನನ್ನ ಉಳಿತಾಯ ಖಾತೆಗೆ ಕಟ್ಟಿದ ರೂ. 6,50,000 ನಗದಿನ ಮೂಲ ಹೀಗಿದೆ. ಆಗಸ್ಟ್ 12ರಂದು ಸಹಕಾರ ಬ್ಯಾಂಕಿನ ನನ್ನ ಖಾತೆಯಿಂದ ಮನೆ ದುರಸ್ತಿಗಾಗಿ ತೆಗೆದ ರೂ. 2,50,000ರಲ್ಲಿ ಖರ್ಚಾಗದೆ ಉಳಿದದ್ದು ರೂ. 1,90,000 (ಪಾಸ್‌ಬುಕ್ ಪ್ರತಿ, ಮರದ ರಸೀದಿ ಲಗತ್ತು). ನನ್ನ ಸ್ವಂತ ತೋಟದ ಅಡಿಕೆಯನ್ನು ಡಿಸೆಂಬರ್ 4, ಜನವರಿ 9 ಮತ್ತು ಫೆಬ್ರವರಿ 6ರಂದು ಮಾರಿ ನಗದಾಗಿ ಪಡೆದದ್ದು ಒಟ್ಟು ರೂ. 5,53,000 (ಮೂರು ಪಟ್ಟಿಗಳು, ಪಹಣಿ ಲಗತ್ತು). ಇದರಲ್ಲಿ ಕೂಲಿ ಮತ್ತು ಮನೆಖರ್ಚಿಗೆ ರೂ. 73,000 ಬಳಸಿದ್ದೇನೆ. ಉಳಿದ ರೂ. 6,70,000ರಲ್ಲಿ ರೂ. 6,50,000 ಕಟ್ಟಿದ್ದೇನೆ. ಮಗಳ ಕಾಲೇಜು ಶುಲ್ಕ ಮತ್ತು ಮನೆ ದುರಸ್ತಿಗೆ ಈ ಹಣವನ್ನು ಬಳಸಲಿದ್ದೇನೆ."

ಇದನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಪಟ್ಟಿಗಳ ಮೂಲ ಪ್ರತಿ ತೋರಿಸಿ, ನಕಲನ್ನಷ್ಟೇ ಬಿಟ್ಟು ಬನ್ನಿ. ಏಳು ದಿನ ಸಾಲದಿದ್ದರೆ, ಗಡುವು ಮುಗಿಯುವ ಮೊದಲೇ ಇನ್ನಷ್ಟು ಸಮಯ ಕೇಳಿ ಬರೆದುಕೊಡಿ. ಒಂದು ಮಾತು: ಇದೇ ನೆಪದಲ್ಲಿ ಯಾರಾದರೂ ಕರೆ ಮಾಡಿ ಒಟಿಪಿ ಕೇಳಿದರೆ, ಲಿಂಕ್ ಒತ್ತಿ ಎಂದರೆ, ಅವರು ಬ್ಯಾಂಕಿನವರಲ್ಲ. ನಗದಿನ ಮೂಲಕ್ಕೂ ಒಟಿಪಿಗೂ ಸಂಬಂಧವೇ ಇಲ್ಲ. ನೇರವಾಗಿ ಶಾಖೆಗೆ ಹೋಗಿ ವಿಚಾರಿಸಿ.

ಚೂರು ಚೂರಾಗಿ ಕಟ್ಟಿದ್ದರೆ?

"ಒಟ್ಟಿಗೆ ಕಟ್ಟಿದ್ದೇ ತಪ್ಪು, ದಿನಾ 49,000 ಕಟ್ಟಬೇಕಿತ್ತು" ಎಂದು ಹೇಳುವವರು ಪ್ರತಿ ಊರಲ್ಲಿಯೂ ಸಿಗುತ್ತಾರೆ. ಒಂದೇ ದಿನ ಐವತ್ತು ಸಾವಿರ ಮೀರಿದರೆ ಪ್ಯಾನ್ ಕೊಡಬೇಕು ಎಂಬ ನಿಯಮದಿಂದ ಹುಟ್ಟಿದ ಹಳೆಯ ಬುದ್ಧಿವಂತಿಕೆ ಇದು. ಆ ಲೆಕ್ಕದಲ್ಲಿ ಆರೂವರೆ ಲಕ್ಷಕ್ಕೆ ಹದಿಮೂರು ದಿನ 49,000, ಹದಿನಾಲ್ಕನೆಯ ದಿನ 13,000. ಗೆರೆಯ ಕೆಳಗೇ ನಿಂತು ಮತ್ತೆ ಮತ್ತೆ ಬರುವ ಇಂಥ ಮೊತ್ತಗಳನ್ನು ಹಿಡಿಯಲೆಂದೇ ಬ್ಯಾಂಕಿನ ತಂತ್ರಾಂಶದಲ್ಲಿ ಜಾಲ ಹಾಕಿರುತ್ತಾರೆ. ಒಂದೇ ಬಾರಿ ಕಟ್ಟಿದವರಿಗೆ "ಎಲ್ಲಿಂದ ಬಂತು?" ಎಂಬ ಒಂದು ಪ್ರಶ್ನೆ, ಚೂರು ಮಾಡಿದವರಿಗೆ "ಏಕೆ ಮುಚ್ಚಿಟ್ಟಿರಿ?" ಎಂಬ ಇನ್ನೊಂದು. ಎರಡನೆಯದಕ್ಕೆ ಯಾವ ಮಂಡಿಯಲ್ಲಿಯೂ ಪಟ್ಟಿ ಸಿಗುವುದಿಲ್ಲ.

ಉತ್ತರ ಕೊಟ್ಟ ಮೇಲೆ

ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಏನಾಯಿತು ಎಂದು ಯಾರೂ ಹೇಳುವುದೂ ಇಲ್ಲ. ವಿವರಣೆ ಒಪ್ಪಿಗೆಯಾದರೆ ಅಧಿಕಾರಿ ಟಿಪ್ಪಣಿ ಬರೆದು ಎಚ್ಚರಿಕೆಯನ್ನು ಮುಚ್ಚುತ್ತಾರೆ. ಒಪ್ಪಿಗೆಯಾಗದಿದ್ದರೆ ಅದು ಬ್ಯಾಂಕಿನ ಪ್ರಧಾನ ಅಧಿಕಾರಿಯ ಬಳಿ ಹೋಗಿ, ಅಲ್ಲಿಂದ ಎಫ್‌ಐಯುಗೆ ವರದಿಯಾಗಬಹುದು. ವರದಿಯಾಯಿತೇ ಎಂದು ಗ್ರಾಹಕರಿಗೆ ತಿಳಿಸುವುದನ್ನು ನಿಯಮವೇ ನಿಷೇಧಿಸಿದೆ. ಆದ್ದರಿಂದ "ನನ್ನ ಕೇಸ್ ಕ್ಲಿಯರ್ ಆಯಿತೇ?" ಎಂದು ಮತ್ತೆ ಮತ್ತೆ ಕೇಳಿ ಉಪಯೋಗವಿಲ್ಲ, ಕೌಂಟರಿನ ಒಳಗಿರುವವರು ಮೌನವಾಗಿದ್ದರೆ ಅದು ಸೊಕ್ಕಲ್ಲ.

ಬ್ಯಾಂಕಿಗೆ ಸಮಾಧಾನವಾದರೆ ತೆರಿಗೆ ಇಲಾಖೆಗೂ ಆಯಿತು ಎಂದುಕೊಳ್ಳಬೇಡಿ. ಒಂದು ಹಣಕಾಸು ವರ್ಷದಲ್ಲಿ ಉಳಿತಾಯ ಖಾತೆಗಳಿಗೆ ಕಟ್ಟಿದ ನಗದು ಹತ್ತು ಲಕ್ಷ ಮುಟ್ಟಿದರೆ ಆ ಮಾಹಿತಿ ಪ್ರತ್ಯೇಕವಾಗಿ ಇಲಾಖೆಗೆ ಹೋಗುತ್ತದೆ, ನಿಮ್ಮ ವಾರ್ಷಿಕ ಮಾಹಿತಿ ಪತ್ರದಲ್ಲಿ ಕಾಣಿಸುತ್ತದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಸರಿ. ಆದರೆ ಅದು ಕೃಷಿ ಆದಾಯವೇ ಎಂದು ತೋರಿಸುವ ಹೊಣೆ ನಿಮ್ಮದು. ಮೂಲ ತೋರಿಸಲಾಗದ ಹಣವನ್ನು ಇಲಾಖೆ ಆ ವರ್ಷದ ಆದಾಯವೆಂದು ಎಣಿಸಿ, ಮಾಮೂಲಿ ಹಂತಗಳ ರಿಯಾಯಿತಿ ಕೊಡದೆ ವಿಶೇಷ ದರದಲ್ಲಿ ತೆರಿಗೆ ಹಾಕಬಲ್ಲದು. ಅಲ್ಲಿಯೂ ಬೇಕಾಗುವುದು ಇದೇ ಮೂರು ಪಟ್ಟಿ, ಇದೇ ಪಾಸ್‌ಬುಕ್ ಪುಟ. ಬ್ಯಾಂಕಿಗೆ ಒಂದು ಕಥೆ, ಇಲಾಖೆಗೆ ಇನ್ನೊಂದು ಕಥೆ ಎಂದಾಗಬಾರದು ಎಂದೇ ಮೊಹರು ಬಿದ್ದ ಪ್ರತಿಯನ್ನು ಜೋಪಾನ ಮಾಡಬೇಕಾದದ್ದು.

ಪತ್ರ ಕೊಡಲು ಶಾಖೆಗೆ ಹೋದ ದಿನವೇ ಕೆವೈಸಿ ನವೀಕರಣದ ಅರ್ಜಿಯೊಂದನ್ನು ಕೇಳಿ ಪಡೆಯಿರಿ. ಎಂದೋ ಬರೆಸಿದ ಆ "ಎರಡು ಲಕ್ಷ" ಇನ್ನೂ ಅಲ್ಲಿಯೇ ಕುಳಿತಿದೆ. ಅದರ ಜಾಗದಲ್ಲಿ ಈಗಿನ ನಿಜವಾದ ಆದಾಯವನ್ನೂ, ಅಡಿಕೆಯ ಹಣ ಡಿಸೆಂಬರಿನಿಂದ ಫೆಬ್ರವರಿಯ ನಡುವೆ ಬರುತ್ತದೆ ಎಂಬುದನ್ನೂ ಬರೆದುಕೊಟ್ಟರೆ, ಮುಂದಿನ ಸುಗ್ಗಿಯ ಜಮೆಯನ್ನು ನೋಡುವಾಗ ಅಧಿಕಾರಿಯ ಎದುರು ಹೊಸ ಸಂಖ್ಯೆ ಇರುತ್ತದೆ.